ನಾಲ್ಕು ರೂಪಾಯಿ ಪೌಚ್‌ನ ಅಸಲಿ ಲೆಕ್ಕ

ಧಾರವಾಡದಲ್ಲಿರೋ ನಮ್ಮಕ್ಕ ಮನೆಯಲ್ಲೇ ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ ಮಾಡಿ ಮಾರುತ್ತಾಳೆ. ಮೂರೂ ಸೇರಿ ತಿಂಗಳಿಗೆ ಸುಮಾರು 600 ಪ್ಯಾಕೆಟ್ ಹೋಗುತ್ತೆ. ಹೋದ ವರ್ಷ ಒಂದು ರಾತ್ರಿ ಫೋನ್ ಮಾಡಿದಳು. "ಏ ತಮ್ಮಾ, ನಮ್ಮ ಹೆಸರು, ಫೋಟೋ ಎಲ್ಲಾ ಪ್ರಿಂಟ್ ಆಗಿರೋ ಪೌಚು ನಾಕ ರೂಪಾಯಿಗೆ ಸಿಗತೈತಿ. ಚೀಟಿ ರೊಕ್ಕ ಬಂದೈತಲ್ಲ, ಆರ್ಡರ್ ಕೊಟ್ಟಬಿಡ್ಲೇನು?"

ಲಿಂಕ್ ಕಳಿಸು ಅಂದೆ. ಹೋಲ್‌ಸೇಲ್ ಪುಟದಲ್ಲಿ ದೊಡ್ಡಕ್ಷರದಲ್ಲಿ 4 ರೂಪಾಯಿ ಅಂತಿತ್ತು. ಕೆಳಗೆ ಸಣ್ಣಕ್ಷರದಲ್ಲಿ ಕನಿಷ್ಠ ಆರ್ಡರ್ 10,000, ಅಂದರೆ ಎಂಒಕ್ಯೂ. ಲೀಡ್ ಟೈಮ್ 20 ದಿನ. ಸಿಲಿಂಡರ್ ಚಾರ್ಜ್, ಜಿಎಸ್‌ಟಿ, ಸಾಗಣೆ ಬೇರೆ.

ಅಕ್ಕ ಆ 'ಸಿಲಿಂಡರ್' ಅನ್ನೋದನ್ನ ಗಮನಿಸಿರಲೇ ಇಲ್ಲ. ಆದರೆ 10,000ದ ಗುಟ್ಟು ಇರೋದೇ ಅಲ್ಲಿ. ಇಂಥ ಪೌಚ್‌ಗಳನ್ನು ಹೆಚ್ಚಾಗಿ ಗ್ರಾವ್ಯೂರ್ ವಿಧಾನದಲ್ಲಿ ಅಚ್ಚು ಹಾಕುತ್ತಾರೆ. ಪ್ರತಿ ಬಣ್ಣಕ್ಕೂ ಒಂದೊಂದು ಲೋಹದ ಸಿಲಿಂಡರ್ ಕೆತ್ತಿಸಬೇಕು. ಮೆಷಿನ್‌ಗೆ ಹಾಕಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರೋವರೆಗೆ ಮೀಟರ್‌ಗಟ್ಟಲೆ ಫಿಲ್ಮ್ ವೇಸ್ಟ್ ಆಗುತ್ತೆ. ನೂರು ಪೌಚ್ ಮಾಡಿದರೂ ಅಷ್ಟೇ, ಲಕ್ಷ ಮಾಡಿದರೂ ಅಷ್ಟೇ. ಹಾಗಾಗಿ ಕಡಿಮೆ ಕೇಳಿದರೆ ಅವರಿಗೆ ಗಿಟ್ಟೋದಿಲ್ಲ.

ಮರುದಿನ ನಾನೇ ಸಪ್ಲೈಯರ್‌ಗೆ ಫೋನ್ ಮಾಡಿದೆ. "10,000 ಅಂದ್ರೆ ಮೂರೂ ವೆರೈಟಿ ಸೇರಿಸಿಯಾ ಸರ್?" "ಇಲ್ಲ ಸರ್, ಡಿಸೈನ್‌ಗೆ ಹತ್ತು ಸಾವಿರ. ಆರು ಕಲರ್ ಇದೆ, ಕಲರ್‌ಗೆ ಐದು ಸಾವಿರ ಸಿಲಿಂಡರ್ ಬರುತ್ತೆ."

ಒಂದು ಡಿಸೈನ್‌ಗೆ ಪೌಚ್ 40,000, ಸಿಲಿಂಡರ್ 30,000. ಅಲ್ಲಿಗೆ ಮೊದಲ ಆರ್ಡರ್‌ನಲ್ಲಿ ಒಂದು ಪೌಚ್‌ಗೆ 4 ಅಲ್ಲ, 7 ರೂಪಾಯಿ. ಮೂರು ಡಿಸೈನ್‌ಗೆ 2,10,000. ಮೇಲೆ ಜಿಎಸ್‌ಟಿ, ಅಕ್ಕನಿಗೆ ನೋಂದಣಿ ಇಲ್ಲದ್ದರಿಂದ ಅದು ವಾಪಸ್ ಬರೋ ದುಡ್ಡಲ್ಲ. ಒಂದೊಂದು ಬಗೆ ತಿಂಗಳಿಗೆ 200 ಹೋದರೆ, 10,000 ಪೌಚ್ ಮುಗಿಯೋಕೆ 50 ತಿಂಗಳು! ಅಷ್ಟರಲ್ಲಿ ವಿಳಾಸ ಬದಲಾದರೆ, ಒಂದು ಸಾಮಗ್ರಿ ಬದಲಾದರೆ, ಉಳಿದದ್ದೆಲ್ಲ ರದ್ದಿ. ಸಿಲಿಂಡರ್ ಇಟ್ಟುಕೊಂಡಿದ್ದರೆ ಎರಡನೇ ಆರ್ಡರ್‌ಗೆ ಆ ಖರ್ಚಿಲ್ಲ ನಿಜ, ಆದರೆ ಎರಡನೇ ಆರ್ಡರ್ ನಾಲ್ಕು ವರ್ಷದ ಮೇಲಿನ ಮಾತು.

ಅಕ್ಕನ ಮುಖ ಸಣ್ಣದಾಯ್ತು. "ಹಂಗಾರ ಏನು ಮಾಡೂದು?"

ಪ್ರಿಂಟ್ ಇಲ್ಲದ ಸಾದಾ ಪೌಚ್‌ನ ಪುಟ ಹುಡುಕಿದೆವು. ಅದನ್ನ ಮಾಡಿ ಸ್ಟಾಕ್ ಇಟ್ಟಿರುತ್ತಾರೆ, ಎಲ್ಲರಿಗೂ ಅದೇ ಹೋಗುತ್ತೆ, ಆದ್ದರಿಂದ ಎಂಒಕ್ಯೂ ಬರೀ 1,000. ರೇಟು ಎರಡು ಮೆಟ್ಟಿಲಲ್ಲಿತ್ತು: 1,000ದಿಂದ 4,999ರವರೆಗೆ 3.50, 5,000 ಮೇಲ್ಪಟ್ಟು 2.90. ಈ ಮೆಟ್ಟಿಲ ಅಂಚಲ್ಲಿ ಒಂದು ಮಜಾ ಇದೆ. 4,200 ತಗೊಂಡರೆ 14,700 ರೂಪಾಯಿ, 5,000 ತಗೊಂಡರೆ 14,500. ಹೆಚ್ಚು ತಗೊಂಡವರಿಗೇ ಕಡಿಮೆ ಬಿಲ್ಲು! ಆದರೆ ಆ 2.90 ಪೂರ್ತಿ ಆರ್ಡರ್‌ಗೋ ಅಥವಾ 4,999 ದಾಟಿದ ಪೌಚ್‌ಗಳಿಗೆ ಮಾತ್ರವೋ ಅಂತ ಕೇಳಿಕೊಳ್ಳಿ. ಎರಡನೆಯದಾದರೆ 5,000ಕ್ಕೆ ಸುಮಾರು 17,500 ಕೊಡಬೇಕಾಗುತ್ತೆ.

ಅಕ್ಕ ಅಂಚಿನ ಹತ್ತಿರವೂ ಹೋಗಲಿಲ್ಲ. ಮೊದಲು ಹತ್ತು ಸ್ಯಾಂಪಲ್ ತರಿಸಿ, ಪುಡಿ ತುಂಬಿ ಸೀಲ್ ಮಾಡಿ ಎರಡು ವಾರ ಅಡುಗೆಮನೆಯಲ್ಲೇ ಇಟ್ಟಳು. ಶೇಂಗಾ ಎಣ್ಣೆ ಬಿಡುತ್ತಲ್ಲ, ಸೀಲ್ ಹತ್ತಿರ ಜಿಡ್ಡು ಬಂತಾ ಅಂತ ದಿನಾ ಬೆರಳಾಡಿಸಿ ನೋಡೋದು. ಬರಲಿಲ್ಲ. ಆಮೇಲೆ 2,000 ಪೌಚ್‌ಗೆ 7,000, ಮೂರು ಬಗೆಯ ಸ್ಟಿಕರ್‌ಗೆ ಒಂದೂವರೆ ರೂಪಾಯಿಯಂತೆ 3,000. ಒಟ್ಟು 10,000ದಲ್ಲಿ ಮೂರು ತಿಂಗಳ ಕೆಲಸ. ನೋಡೋಕೆ ಪ್ರಿಂಟೆಡ್ ಪೌಚ್‌ನಷ್ಟು ಗತ್ತಿಲ್ಲ, ಒಪ್ಪಿಕೊಳ್ಳೋಣ. ಸ್ಟಿಕರ್ ಅಂಟಿಸೋಕೆ ಸಂಜೆ ಒಂದು ಗಂಟೆ ಬೇರೆ ಹೋಗುತ್ತೆ.

ಎಡವಿದ್ದು ಲೀಡ್ ಟೈಮ್‌ನಲ್ಲಿ. ಪುಟದಲ್ಲಿ 7 ದಿನ ಅಂತಿತ್ತು. ಅಕ್ಕ ಫೋನ್‌ನಲ್ಲಿ ಹೇಳಿದ ದಿನದಿಂದ ಎಣಿಸಿದಳು, ಅವರು ಅಡ್ವಾನ್ಸ್ ಜಮಾ ಆದ ದಿನದಿಂದ. ಅದೂ ಅವರ ಗೋಡೌನ್ ಬಿಡೋವರೆಗೆ. ಲಾರಿಯ 4 ದಿನ ಆಮೇಲೆ. ದೀಪಾವಳಿ ಹಿಂದಿನ ವಾರ ಪೌಚ್ ಖಾಲಿಯಾಗಿ, ಪಕ್ಕದ ಅಂಗಡಿಯಲ್ಲಿ ಬಿಡಿ ಪೌಚ್‌ಗೆ 8 ರೂಪಾಯಿ ಕೊಟ್ಟಳು. ಪ್ರಿಂಟೆಡ್ ಆಗಿದ್ದರೆ ಇನ್ನೂ ಕಷ್ಟ, ಅಲ್ಲಿ ದಿನ ಎಣಿಕೆ ಶುರುವಾಗೋದು ಸಾಮಾನ್ಯವಾಗಿ ನೀವು ಡಿಸೈನ್ ಓಕೆ ಮಾಡಿದ ಮೇಲೆ.

ಈಗ ಲೆಕ್ಕ ಸರಳ. ದಿನಕ್ಕೆ 20 ಪ್ಯಾಕೆಟ್, ಪೌಚ್ ಕೈಸೇರೋಕೆ 11 ದಿನ, ಅಂದರೆ 220 ಪೌಚ್ ಬೇಕೇ ಬೇಕು. ಹಬ್ಬ, ಲಾರಿ ತಡ ಅಂತ ಅಕ್ಕ ಅದನ್ನ 400 ಮಾಡಿಕೊಂಡಿದ್ದಾಳೆ. ರಾಶಿಯಲ್ಲಿ ನಾನೂರನೇ ಪೌಚ್‌ನ ಮೇಲೆ ಕೆಂಪು ದಾರ ಕಟ್ಟಿದ್ದಾಳೆ. ದಾರ ಕೈಗೆ ಸಿಕ್ಕ ದಿನವೇ ಅಡ್ವಾನ್ಸ್ ಹೋಗುತ್ತೆ. ಚೀಟಿ ದುಡ್ಡಲ್ಲಿ ಮಿಕ್ಸರ್ ಬದಲು ಒಂದು ಪಲ್ವರೈಸರ್ ಬಂದಿದೆ.