ಎಡಗಾಲು ತೆಗೆದರೆ ಏನಾಗುತ್ತದೆ?

2024ರ ಜೂನ್ 4, ಚುನಾವಣಾ ಫಲಿತಾಂಶದ ದಿನ. ಹಿಂದಿನ ದಿನ 23,264ರಲ್ಲಿ ಮುಗಿದಿದ್ದ ನಿಫ್ಟಿ 1,379 ಅಂಶ ಕುಸಿಯಿತು.

ಒಬ್ಬರು 22,500ರ ಪುಟ್ ಒಂದನ್ನು 150 ರೂಪಾಯಿಗೆ ಮಾರಿದ್ದರು ಎಂದುಕೊಳ್ಳಿ. ಆಗ ಲಾಟ್ 25. ಬರೀ ಮಾರಾಟವಾದ್ದರಿಂದ ನಷ್ಟ ಪಡೆದ ಪ್ರೀಮಿಯಂನ ಹಲವು ಪಟ್ಟು ಬೆಳೆಯಬಹುದು. ಅದಕ್ಕೇ ಸ್ಪ್ಯಾನ್ ಲೆಕ್ಕ, ಬೆಲೆ ಮತ್ತು ಏರಿಳಿತದ ಹಲವು ಸನ್ನಿವೇಶಗಳಲ್ಲಿ ಕೆಟ್ಟದ್ದನ್ನು ಹುಡುಕಿ ಮಾರ್ಜಿನ್ ಕೇಳುತ್ತದೆ. ಇನ್ನೊಬ್ಬರು ಜೊತೆಗೆ 22,300ರ ಪುಟ್ಟನ್ನು 100ಕ್ಕೆ ಕೊಂಡಿದ್ದರೆ, ಎಷ್ಟೇ ಬಿದ್ದರೂ ನಷ್ಟ 3,750 ರೂಪಾಯಿ ಮೀರದು. ಸ್ಪ್ಯಾನ್ ಭಾಗ ತೀರಾ ಇಳಿಯುತ್ತದೆ. ಆದರೆ ಮಾರಿದ ಕಾಲಿನ ಮೇಲಿನ ಎಕ್ಸ್‌ಪೋಷರ್ ಮಾರ್ಜಿನ್ ಹಾಗೇ ಉಳಿಯುವುದರಿಂದ ಮಾರ್ಜಿನ್ 3,750ಕ್ಕೆ ಇಳಿಯುವುದಿಲ್ಲ.

ಕುಸಿತದಲ್ಲಿ ಮೊದಲನೆಯವರಿಗೆ ಪೆಟ್ಟು ಎರಡು ಕಡೆಯಿಂದ. ಪುಟ್ ಬೆಲೆ ಏರಿ ನಷ್ಟ ಬೆಳೆಯುತ್ತದೆ. ಏರಿಳಿತ ಹೆಚ್ಚಿದ್ದಕ್ಕೆ, ದಿನದ ನಡುವೆಯೇ ಪರಿಷ್ಕರಿಸುವ ಮಾರ್ಜಿನ್ನೂ ಏರುತ್ತದೆ. ಬ್ರೋಕರ್ ಸಂದೇಶ ಓದುವಷ್ಟರಲ್ಲಿ ಪೊಸಿಷನ್ ಮುಚ್ಚಿರಬಹುದು, ಅದೂ ಕೊಳ್ಳುವ-ಮಾರುವ ಬೆಲೆಗಳ ಅಂತರ ಹಿಗ್ಗಿದಾಗ.

ಸ್ಪ್ರೆಡ್ ಇಟ್ಟವರೂ ಎಡವುವುದು ಇಲ್ಲೇ: ಲಾಭದಲ್ಲಿರುವ ಕೊಂಡ ಪುಟ್ಟನ್ನು ಮೊದಲು ಮಾರುತ್ತಾರೆ. ಆ ಕ್ಷಣವೇ ಉಳಿದದ್ದು ಬೆತ್ತಲೆ ಮಾರಾಟ, ಮಾರ್ಜಿನ್ ಜಿಗಿಯುತ್ತದೆ. ಮಾರಿದ್ದನ್ನು ಮೊದಲು ಕೊಂಡು ಮುಚ್ಚಿ.