ಕ್ರಿಯಾಪದ ಕಾಣದಿದ್ದರೆ ಕಣ್ಣು ಓಡುತ್ತದೆ

ಮಿಕ್ಸರ್ ತಯಾರಿಸುವ ಒಂದು ಕಂಪನಿ ಇದೆ ಎಂದುಕೊಳ್ಳಿ. ಅವರ ಕೆಲವು ಜಾರ್‌ಗಳ ಮುಚ್ಚಳ ಸರಿಯಾಗಿ ಲಾಕ್ ಆಗುತ್ತಿಲ್ಲ. ಅವನ್ನು ವಾಪಸ್ ಪಡೆದು ಬೇರೆ ಕೊಡುತ್ತೇವೆಂದು ಗ್ರಾಹಕರಿಗೆ ತಿಳಿಸಬೇಕು. ಕಂಪನಿಯ ವಕ್ತಾರೆ ಕ್ಯಾಮೆರಾ ಮುಂದೆ ನಿಂತು ಒಂದೂವರೆ ನಿಮಿಷ ಮಾತಾಡಬೇಕು. ಒಂದು ಮಾತೂ ತಪ್ಪುವಂತಿಲ್ಲ, ಏಕೆಂದರೆ ಒಕ್ಕಣೆಯನ್ನು ವಕೀಲರು ನೋಡಿ ಒಪ್ಪಿದ್ದಾರೆ. ಬಾಯಿಪಾಠ ಮಾಡಲು ಸಮಯವಿಲ್ಲ. ಕಾಗದ ಹಿಡಿದು ಓದಿದರೆ ನೋಡುವವರಿಗೆ ನಂಬಿಕೆ ಬರುವುದಿಲ್ಲ. ಇಂಥ ಹೊತ್ತಿಗೆ ಬೇಕಾಗುವುದೇ ಟೆಲಿಪ್ರಾಂಪ್ಟರ್.

ಈ ಸಾಧನ ಹುಟ್ಟಿದ್ದು 1950ರ ಸುಮಾರಿಗೆ, ಅಮೆರಿಕದಲ್ಲಿ. ಟಿವಿ ಧಾರಾವಾಹಿಯ ನಟರಿಗೆ ಮಾತು ನೆನಪಿಸಲು ಹ್ಯೂಬರ್ಟ್ ಶ್ಲಾಫ್ಲಿ ಎಂಬ ಎಂಜಿನಿಯರ್ ಮತ್ತವರ ಸಂಗಡಿಗರು ಕಾಗದದ ಸುರುಳಿ ಸುತ್ತುವ ಪೆಟ್ಟಿಗೆಯೊಂದನ್ನು ಕಟ್ಟಿದರು. ಕಾಗದ ಕ್ಯಾಮೆರಾದ ಪಕ್ಕದಲ್ಲಿದ್ದರೆ ನಟನ ನೋಟವೂ ಪಕ್ಕಕ್ಕೇ ಹೋಗುತ್ತದಲ್ಲ? ಅಕ್ಷರವನ್ನು ಲೆನ್ಸ್‌ನ ಎದುರಿಗೇ ತಂದಿದ್ದು ಗಾಜು. ಇಂದಿಗೂ ಏರ್ಪಾಡು ಅದೇ. ಲೆನ್ಸ್‌ನ ಮುಂದೆ 45 ಡಿಗ್ರಿ ಓರೆಯಾಗಿ ಒಂದು ಗಾಜು, ಅದರ ಕೆಳಗೆ ಮುಖ ಮೇಲೆ ಮಾಡಿ ಮಲಗಿಸಿದ ಟ್ಯಾಬ್ ಅಥವಾ ಮಾನಿಟರ್. ಟ್ಯಾಬ್‌ನ ಅಕ್ಷರ ಗಾಜಿನಲ್ಲಿ ಪ್ರತಿಫಲಿಸಿ ಮಾತಾಡುವವರಿಗೆ ಕಾಣುತ್ತದೆ. ಗಾಜಿನ ಹಿಂದಿರುವ ಕ್ಯಾಮೆರಾಗೆ ಆ ಅಕ್ಷರ ಕಾಣದು, ಮುಖ ಮಾತ್ರ ಕಾಣುತ್ತದೆ. ಪ್ರತಿಫಲನದಲ್ಲಿ ಅಕ್ಷರ ತಿರುಗುಮುರುಗಾಗುವುದರಿಂದ ಆ್ಯಪ್‌ನಲ್ಲಿ ಮಿರರ್ ಆಯ್ಕೆಯನ್ನು ಆನ್ ಮಾಡಬೇಕು.

ಗಾಜಿನ ಹಿಂಬದಿಗೂ ಒಂದು ಪ್ರತಿಫಲನ ಇರುತ್ತದೆ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಗಾಜಿನ ಓರೆಯಿಂದಾಗಿ ಕ್ಯಾಮೆರಾಗೆ ಮೇಲಿನ ಛಾವಣಿ ಕಾಣಿಸುತ್ತದೆ. ಅದಕ್ಕೇ ಕ್ಯಾಮೆರಾ ಮತ್ತು ಗಾಜಿನ ನಡುವೆ ಕಪ್ಪು ಬಟ್ಟೆ ಹೊದಿಸುವುದು. ಬಟ್ಟೆ ಎಲ್ಲಾದರೂ ಬಿಟ್ಟುಕೊಂಡರೆ ಚಿತ್ರ ಮಂಕಾಗಿ, ವಕ್ತಾರೆಯ ಹಣೆಯ ಮೇಲೆ ಟ್ಯೂಬ್‌ಲೈಟಿನ ನೆರಳುಗೆರೆ ಮೂಡುತ್ತದೆ. ಜೊತೆಗೆ ಗಾಜು ಸ್ವಲ್ಪ ಬೆಳಕನ್ನು ತಾನೇ ಕಳೆಯುತ್ತದೆ. ಹೀಗಾಗಿ ಗಾಜು ಕೂರಿಸಿದ ಮೇಲೆಯೇ ಬೆಳಕಿನ ಅಳತೆ ಹೊಂದಿಸಬೇಕು, ಫೋಕಸ್ ಅನ್ನು ಕೈಯಲ್ಲೇ ಹಾಕಿ ಬಿಡಬೇಕು.

ಇನ್ನು ದೂರದ ವಿಷಯ. ವೀಕ್ಷಕರು ‘ಇವರು ಓದುತ್ತಿದ್ದಾರೆ’ ಎಂದು ಹಿಡಿಯುವುದು ಕಣ್ಣುಗುಡ್ಡೆ ಎಡದಿಂದ ಬಲಕ್ಕೆ ಸರಿಯುವುದನ್ನು ಕಂಡು. 20 ಸೆಂಟಿಮೀಟರ್ ಅಗಲದ ಸಾಲನ್ನು ಒಂದು ಮೀಟರ್ ದೂರದಿಂದ ಓದಿದರೆ ಕಣ್ಣು ಸುಮಾರು 11 ಡಿಗ್ರಿ ಸರಿಯುತ್ತದೆ. ಎರಡು ಮೀಟರ್‌ಗೆ ಹೋದರೆ ಅದು ಅರ್ಧವಾಗುತ್ತದೆ. ಆದ್ದರಿಂದ ಅಕ್ಷರ ಸಲೀಸಾಗಿ ಕಾಣುವಷ್ಟು ದೂರ ಹಿಂದೆ ಸರಿಯಿರಿ, ಸಾಲು ಕಿರಿದು ಮಾಡಿ, ಓದುವ ಸಾಲು ಲೆನ್ಸ್‌ನ ನೇರಕ್ಕೆ ಬರುವಂತೆ ಇಡಿ. ಪರದೆಯ ಕೆಳತುದಿಯಲ್ಲಿ ಓದಿದರೆ ನೋಟ ವೀಕ್ಷಕರ ಗದ್ದದ ಮೇಲಿದ್ದಂತೆ ತೋರುತ್ತದೆ.

ಯಂತ್ರದ ಕೆಲಸ ಇಷ್ಟೇ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕೆಡುವುದು ಸಾಮಾನ್ಯವಾಗಿ ಒಕ್ಕಣೆಯಲ್ಲಿ, ಅದರಲ್ಲೂ ಕನ್ನಡದ ಒಕ್ಕಣೆಯಲ್ಲಿ. ನಮ್ಮ ಮಿಕ್ಸರ್ ಕಂಪನಿಯ ಪತ್ರಿಕಾ ಪ್ರಕಟಣೆ ಹೀಗಿದೆ ಅನ್ನಿ: “ಕಳೆದ ಜನವರಿಯಿಂದ ಮಾರ್ಚ್‌ವರೆಗೆ ತಯಾರಾದ, ಬೆಂಗಳೂರು, ತುಮಕೂರು ಹಾಗೂ ಹಾಸನ ಜಿಲ್ಲೆಗಳ ಮಳಿಗೆಗಳ ಮೂಲಕ ಮಾರಾಟವಾದ, ಮುಚ್ಚಳದ ಲಾಕ್‌ನಲ್ಲಿ ದೋಷ ಕಂಡುಬಂದಿರುವ ಮಿಕ್ಸರ್ ಜಾರ್‌ಗಳನ್ನು ಯಾವುದೇ ಶುಲ್ಕವಿಲ್ಲದೆ ಬದಲಾಯಿಸಿಕೊಡಲು ಸಂಸ್ಥೆಯು ನಿರ್ಧರಿಸಿದೆ.”

ಕಾಗದದಲ್ಲಿ ಇದು ತಪ್ಪಲ್ಲ. ಆದರೆ ಇದರಲ್ಲಿ 23 ಪದಗಳಿವೆ. ಸಾಲಿಗೆ ಮೂರು ಪದದಂತೆ ಎಂಟು ಸಾಲು. ಚಿಕ್ಕ ಟ್ಯಾಬ್‌ನಲ್ಲಿ ದಪ್ಪ ಅಕ್ಷರಕ್ಕೆ ಕಾಣುವುದು ಐದೇ ಸಾಲು. ಅಂದರೆ ವಕ್ತಾರೆ ‘ಕಳೆದ ಜನವರಿಯಿಂದ’ ಎಂದು ಶುರು ಮಾಡಿದಾಗ ವಾಕ್ಯ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ. ಕನ್ನಡದಲ್ಲಿ ಕೊಡುತ್ತೇವೋ ಕೊಡುವುದಿಲ್ಲವೋ ಎಂಬುದು ತಿಳಿಯುವುದು ಕೊನೆಯ ಪದದಲ್ಲಿ. ಅದು ಇನ್ನೂ ಪರದೆಗೇ ಬಂದಿಲ್ಲ! ಹಾಗಾಗಿ ಕಣ್ಣು ಕ್ರಿಯಾಪದ ಹುಡುಕಿಕೊಂಡು ಕೆಳಗೆ ಓಡುತ್ತದೆ, ಪ್ರತಿ ಅಲ್ಪವಿರಾಮಕ್ಕೂ ದನಿ ಒಂದೇ ರಾಗದಲ್ಲಿ ಏರಿ ನಿಲ್ಲುತ್ತದೆ. ಓದಿದಂತೆ ಕೇಳಿಸುತ್ತದೆ ಎಂದು ನಿರ್ದೇಶಕರು ಗೊಣಗುವುದು ಇದನ್ನೇ. ‘ಸಹಜವಾಗಿ ಮಾತಾಡಿ ಮೇಡಂ’ ಎಂದು ಹತ್ತು ಸಲ ಹೇಳಿದರೂ ಇದು ಸರಿಹೋಗದು.

ವಾಕ್ಯ ಒಡೆದರೆ ಸರಿಹೋಗುತ್ತದೆ. “ನಮ್ಮ ಕೆಲವು ಮಿಕ್ಸರ್ ಜಾರ್‌ಗಳ ಮುಚ್ಚಳ ಸರಿಯಾಗಿ ಲಾಕ್ ಆಗುತ್ತಿಲ್ಲ. ಇವು ಜನವರಿಯಿಂದ ಮಾರ್ಚ್‌ವರೆಗೆ ತಯಾರಾದವು. ಬೆಂಗಳೂರು, ತುಮಕೂರು, ಹಾಸನ ಜಿಲ್ಲೆಗಳಲ್ಲಿ ಮಾರಾಟವಾಗಿವೆ. ನಿಮ್ಮಲ್ಲಿ ಇಂಥ ಜಾರ್ ಇದ್ದರೆ ದಯವಿಟ್ಟು ಬಳಸಬೇಡಿ. ಹಣ ತೆಗೆದುಕೊಳ್ಳದೆ ಬೇರೆ ಜಾರ್ ಕೊಡುತ್ತೇವೆ.” ಈಗ ಯಾವ ವಾಕ್ಯವೂ ಮೂರು ಸಾಲು ಮೀರುವುದಿಲ್ಲ. ಬಾಯಿ ತೆರೆಯುವ ಮೊದಲೇ ಕ್ರಿಯಾಪದ ಕಣ್ಣಿಗೆ ಬಿದ್ದಿರುತ್ತದೆ. ‘ಬಳಸಬೇಡಿ’ ಎಂಬ ಹೊಸ ಮಾತೊಂದು ಸೇರಿದೆ, ಸಂಸ್ಥೆ ‘ನಿರ್ಧರಿಸಿದ್ದು’ ಬಿಟ್ಟುಹೋಗಿದೆ. ಹಾಗಾಗಿ ಈ ಒಕ್ಕಣೆ ವಕೀಲರ ಬಳಿಗೆ ಇನ್ನೊಮ್ಮೆ ಹೋಗಲೇಬೇಕು. ರೆಕಾರ್ಡಿಂಗ್ ದಿನ ಬೆಳಿಗ್ಗೆ ಈ ಕೆಲಸಕ್ಕೆ ಕೂತರೆ ಆಗುವುದಿಲ್ಲ.

ಅಕ್ಷರದ್ದೂ ಒಂದು ಪಾಡು ಇದೆ. ಕಚೇರಿಯಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಪ್ರಾಂಪ್ಟರ್‌ಗೆ ಹಾಕಿದರೆ ಅರ್ಥವಾಗದ ರೋಮನ್ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ನಮ್ಮ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲಂತರ ಇಲ್ಲಿ ಸಾಲದು, ‘ಷ್ಟ್ರ’ದಂಥದ್ದು ಕೆಳಸಾಲಿನ ಗುಣಿತಕ್ಕೆ ತಾಗುತ್ತದೆ. ಇಸವಿ, ಮೊತ್ತಗಳನ್ನು ಬಾಯಲ್ಲಿ ಹೇಳುವಂತೆಯೇ ಅಕ್ಷರದಲ್ಲಿ ಬರೆದಿಟ್ಟರೆ ತಡವರಿಸುವುದು ತಪ್ಪುತ್ತದೆ.

ಅಭ್ಯಾಸ ಶುರುವಾಗಬೇಕಾದ್ದು ಯಂತ್ರವಿಲ್ಲದೆ. ಒಕ್ಕಣೆಯನ್ನು ಎದುರಿಗೆ ಕೂತವರಿಗೆ ಗಟ್ಟಿಯಾಗಿ ಹೇಳಿ, ಉಸಿರು ಎಲ್ಲಿ ಬೇಕಾಯಿತೋ ಅಲ್ಲಿ ಒಂದು ಖಾಲಿ ಸಾಲು ಬಿಡಿ. ಆಮೇಲೆ ಪ್ರಾಂಪ್ಟರ್. ಇಲ್ಲಿ ಪಠ್ಯ ಸರಿಸುವವರು ವಕ್ತಾರೆಯ ಮಾತನ್ನು ಹಿಂಬಾಲಿಸಬೇಕು, ವಕ್ತಾರೆ ಯಂತ್ರದ ಹಿಂದೆ ಓಡಬಾರದು. ಆ್ಯಪ್‌ನಲ್ಲಿ ಒಂದೇ ವೇಗ ಇಟ್ಟುಬಿಟ್ಟರೆ ನಿಲ್ಲಬೇಕಾದಲ್ಲಿ ನಿಲ್ಲಲಾಗದೆ ಅವಸರದ ಮಾತಾಗುತ್ತದೆ. ಸರಿಸಲು ಜನ ಇಲ್ಲದಿದ್ದರೆ ಕೈಯಲ್ಲಿ ಹಿಡಿಯುವ ಚಿಕ್ಕ ರಿಮೋಟ್ ಆದರೂ ಇರಲಿ.

ಮೊದಲ ಟೇಕನ್ನು ಎರಡು ಸಲ ನೋಡಿ. ಒಮ್ಮೆ ಸದ್ದು ಮುಚ್ಚಿ, ಇನ್ನೊಮ್ಮೆ ಚಿತ್ರ ನೋಡದೆ. ಸದ್ದಿಲ್ಲದೆ ನೋಡಿದಾಗ ಕಣ್ಣು ಸರಿಯುವುದು, ರೆಪ್ಪೆ ಬಡಿಯದೆ ದಿಟ್ಟಿಸುವುದು ಗೊತ್ತಾಗುತ್ತದೆ. ಬರೀ ಕೇಳಿದಾಗ ರಾಗ ಸಿಕ್ಕಿಬೀಳುತ್ತದೆ. ಕನ್ನಡಕದಲ್ಲಿ ದೀಪ ಹೊಳೆಯುತ್ತಿದ್ದರೆ ದೀಪವನ್ನು ಎತ್ತರಿಸಿ, ಅಥವಾ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ತುಸು ಎತ್ತಿ ಗಾಜು ಕೆಳಮುಖವಾಗುವಂತೆ ಮಾಡಿ. ಮಾತು ತೊದಲಿದರೆ ಆ ಪದದಿಂದ ಮುಂದುವರಿಯಬೇಡಿ, ಪ್ಯಾರಾದ ಆರಂಭಕ್ಕೆ ಹಿಂತಿರುಗಿ. ಅರ್ಧ ವಾಕ್ಯವನ್ನು ಅಂಟಿಸಿದರೆ ಸಂಕಲನದಲ್ಲಿ ದನಿಯ ಏರಿಳಿತ ಕೂಡುವುದಿಲ್ಲ.

ಜಾರ್‌ನ ಬ್ಯಾಚ್ ಸಂಖ್ಯೆ, ಸಹಾಯವಾಣಿ ಸಂಖ್ಯೆಗಳನ್ನು ಪ್ರಾಂಪ್ಟರ್‌ಗೆ ಹಾಕಬೇಡಿ. ಹತ್ತು ಅಂಕಿ ಓದುವಾಗ ಎಂಥವರ ಕಣ್ಣೂ ಓಡುತ್ತದೆ, ಕೇಳಿದವರಿಗೂ ಅದು ನೆನಪಿರುವುದಿಲ್ಲ. ‘ಸಂಖ್ಯೆಗಳು ಕೆಳಗೆ ಕಾಣುತ್ತಿವೆ’ ಎಂದಷ್ಟೇ ಹೇಳಿಸಿ, ಸಂಕಲನಕಾರರು ಅವನ್ನು ಬರೆದುಕೊಳ್ಳುವಷ್ಟು ಹೊತ್ತು ಪರದೆಯಲ್ಲಿ ನಿಲ್ಲಿಸಲಿ.