ಪಾಳಿ ಯಾವ ದಿಕ್ಕಿಗೆ ತಿರುಗುತ್ತಿದೆ?

ಮೂರು ಪಾಳಿಯ ಕಾರ್ಖಾನೆ ಎಂದುಕೊಳ್ಳಿ. ಫಸ್ಟ್ ಶಿಫ್ಟ್ ಬೆಳಿಗ್ಗೆ 6ರಿಂದ ಮಧ್ಯಾಹ್ನ 2, ಸೆಕೆಂಡ್ ಶಿಫ್ಟ್ 2ರಿಂದ ರಾತ್ರಿ 10, ನೈಟ್ ಶಿಫ್ಟ್ 10ರಿಂದ ಬೆಳಿಗ್ಗೆ 6. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ಬದಲಾವಣೆ ಎರಡು ರೀತಿಯಲ್ಲಿ ಆಗಬಹುದು. ಫಸ್ಟ್, ಸೆಕೆಂಡ್, ನೈಟ್ ಎಂದು ಸಾಗಿದರೆ ಅದು ಮುಂದಕ್ಕೆ ತಿರುಗುವ ಪಾಳಿ. ನೈಟ್, ಸೆಕೆಂಡ್, ಫಸ್ಟ್ ಎಂದಾದರೆ ಹಿಂದಕ್ಕೆ ತಿರುಗುವುದು. ಎರಡರಲ್ಲೂ ಕೆಲಸದ ಗಂಟೆಗಳು ಒಂದೇ, ಸಂಬಳವೂ ಒಂದೇ. ಆದರೆ ದೇಹಕ್ಕೆ ಎರಡೂ ಒಂದೇ ಅಲ್ಲ.

ವ್ಯತ್ಯಾಸ ಎದ್ದು ಕಾಣುವುದು ಸೆಕೆಂಡ್ ಶಿಫ್ಟಿನಿಂದ ಫಸ್ಟ್ ಶಿಫ್ಟಿಗೆ ಬರುವ ದಿನ. ವಾರವಿಡೀ ರಾತ್ರಿ 10ಕ್ಕೆ ಕೆಲಸ ಬಿಟ್ಟು, ಊಟ ಮುಗಿಸಿ 1 ಗಂಟೆಗೆ ಮಲಗಿ, ಬೆಳಿಗ್ಗೆ ಎಂಟೂವರೆಗೆ ಏಳುತ್ತಿದ್ದ ಕಾರ್ಮಿಕ ಸೋಮವಾರ 6ಕ್ಕೆ ಗೇಟಿನಲ್ಲಿರಬೇಕು. ಅದಕ್ಕೆ ನಾಲ್ಕೂವರೆಗೆ ಏಳಬೇಕು. ಆದ್ದರಿಂದ ಭಾನುವಾರ 9ಕ್ಕೇ ದೀಪ ಆರಿಸಿ ಮಲಗುತ್ತಾನೆ. ನಿದ್ದೆ ಮಾತ್ರ ಬರುವುದಿಲ್ಲ. ಮನೆಯವರ ಕಣ್ಣಿಗೆ ಇದು ಚಿಂತೆಯಂತೆ, ಇಲ್ಲವೇ ಮೊಬೈಲ್ ಚಟದಂತೆ ಕಾಣಬಹುದು. ನಿಜವಾದ ಕಾರಣ ದೇಹದೊಳಗಿದೆ. ರೂಢಿಯ ನಿದ್ದೆಯ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆಗಳಲ್ಲಿ ದೇಹದ ಗಡಿಯಾರವೇ ನಮ್ಮನ್ನು ಬಲವಾಗಿ ಎಚ್ಚರವಿಡುತ್ತದೆ. ಎಷ್ಟೇ ದಣಿವಿದ್ದರೂ ಆ ಹೊತ್ತಿನಲ್ಲಿ ನಿದ್ದೆ ಹತ್ತುವುದು ಕಷ್ಟ. ಕೊನೆಗೆ 12ಕ್ಕೋ 1ಕ್ಕೋ ಕಣ್ಣು ಮುಚ್ಚಿದರೆ ಮೂರೂವರೆ, ನಾಲ್ಕೂವರೆ ಗಂಟೆ ನಿದ್ದೆಯಲ್ಲೇ ಅವನು ಯಂತ್ರದ ಮುಂದೆ ನಿಲ್ಲುತ್ತಾನೆ.

ಇದನ್ನೇ ತಿರುಗಿಸಿ ನೋಡಿ. ಫಸ್ಟ್ ಶಿಫ್ಟ್ ಮುಗಿಸಿ ಸೆಕೆಂಡಿಗೆ ಹೋಗುವವನು ಮಲಗುವುದನ್ನು ತಡ ಮಾಡಿದರೆ ಸಾಕು. ಅದು ಯಾರಿಗೂ ಅಷ್ಟು ಕಷ್ಟವಲ್ಲ. ಹೊರಗಿನ ಬೆಳಕಿನ ಸುಳಿವು ಸಿಗದಿದ್ದಾಗ ನಮ್ಮ ದೇಹದ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ತುಸು ಹೆಚ್ಚು. ಹಾರ್ವರ್ಡ್‌ನ ಚಾರ್ಲ್ಸ್ ಸೈಸ್ಲರ್ ಮತ್ತು ಸಂಗಡಿಗರು 1999ರಲ್ಲಿ ಅಳೆದು ಹೇಳಿದ ಸರಾಸರಿ 24 ಗಂಟೆ 11 ನಿಮಿಷ. ಹನ್ನೊಂದೇ ನಿಮಿಷವಾದರೂ ವಾಲುವುದು ತಡವಾಗುವ ಕಡೆಗೆ. ಅದರ ಮೇಲೆ ಸಂಜೆಯ ದೀಪದ ಬೆಳಕು ಬಿದ್ದರೆ ಗಡಿಯಾರ ಇನ್ನಷ್ಟು ತಡವಾಗುತ್ತದೆ. ಅದನ್ನು ಹಿಂದಕ್ಕೆ ಎಳೆಯಬಲ್ಲದ್ದು ಮುಖ್ಯವಾಗಿ ಬೆಳಗಿನ ಬೆಳಕು, ಅದೂ ನಿಧಾನವಾಗಿ. ಕೆಲವರ ಗಡಿಯಾರ 24 ಗಂಟೆಗಿಂತ ಚಿಕ್ಕದಿರುತ್ತದೆ. ಅಂಥ ಬೇಗ ಏಳುವ ಪ್ರಕೃತಿಯವರಿಗೆ ಈ ಅನುಕೂಲ ಅಷ್ಟಾಗಿ ಸಿಗುವುದಿಲ್ಲ.

ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ದಂಡೆಯ ಖನಿಜ ಕಾರ್ಖಾನೆಯೊಂದರಲ್ಲಿ ಇದನ್ನು ಪರೀಕ್ಷಿಸಿ ನೋಡಿದವರೂ ಸೈಸ್ಲರ್ ತಂಡದವರೇ. ಅಲ್ಲಿ ಪಾಳಿ ವಾರವಾರ ಹಿಂದಕ್ಕೆ ತಿರುಗುತ್ತಿತ್ತು. ಅವರು ಅದನ್ನು ಮುಂದಕ್ಕೆ ತಿರುಗಿಸಿದರು, ಒಂದು ಗುಂಪಿಗೆ ಮೂರು ವಾರಕ್ಕೊಮ್ಮೆ ಮಾತ್ರ ಪಾಳಿ ಬದಲಿಸಿದರು. 1982ರಲ್ಲಿ ಪ್ರಕಟವಾದ ವರದಿಯಂತೆ ಕಾರ್ಮಿಕರ ತೃಪ್ತಿ, ಆರೋಗ್ಯ, ಉತ್ಪಾದನೆ ಎಲ್ಲವೂ ಸುಧಾರಿಸಿದವು, ಕೆಲಸ ಬಿಡುವವರು ಕಡಿಮೆಯಾದರು. ದಿಕ್ಕು ಮತ್ತು ಅವಧಿ ಎರಡೂ ಬದಲಾದ್ದರಿಂದ ಪೂರ್ತಿ ಕೀರ್ತಿಯನ್ನು ದಿಕ್ಕಿಗೇ ಕೊಡುವುದು ಸರಿಯಲ್ಲ. ಮುಂದಕ್ಕೆ ತಿರುಗಿದ ಮಾತ್ರಕ್ಕೆ ರಾತ್ರಿ ಕೆಲಸ ನಿರಪಾಯವೂ ಆಗುವುದಿಲ್ಲ. ಬೆಳಗಿನ ಜಾವ ನಾಲ್ಕರ ತೂಕಡಿಕೆ ಯಾವ ದಿಕ್ಕಿನ ಪಾಳಿಯಲ್ಲೂ ತಪ್ಪದು.

ಇಷ್ಟಿದ್ದರೂ ಹಿಂದಕ್ಕೆ ತಿರುಗುವ ಪಾಳಿಯನ್ನೇ ಕೇಳುವ ಕಾರ್ಮಿಕರಿದ್ದಾರೆ. ಅವರ ಕಾರಣವನ್ನು ತಳ್ಳಿಹಾಕುವಂತಿಲ್ಲ. ಭಾನುವಾರ ರಜೆಯ ಲೆಕ್ಕ ಹಾಕಿ ನೋಡಿ. ಹಿಂದಿನ ದಿಕ್ಕಿನಲ್ಲಿ ಶನಿವಾರ ಮಧ್ಯಾಹ್ನ 2ಕ್ಕೆ ಫಸ್ಟ್ ಶಿಫ್ಟ್ ಮುಗಿಸಿದವನು ಸೋಮವಾರ ರಾತ್ರಿ 10ಕ್ಕೆ ನೈಟಿಗೆ ಬಂದರಾಯಿತು. ಅಲ್ಲಿಗೆ 56 ಗಂಟೆ ಬಿಡುವು. ಊರಿಗೆ ಹೋಗಿ ತಂದೆ ತಾಯಿಯನ್ನು ನೋಡಿ ಬರಬಹುದು. ಇನ್ನೆರಡು ಬದಲಾವಣೆಗಳಲ್ಲಿ ಸಿಗುವುದು ತಲಾ 32 ಗಂಟೆ. ಮುಂದಿನ ದಿಕ್ಕಿನಲ್ಲಿ ಎರಡು ಬಾರಿ 48 ಗಂಟೆ ಸಿಗುತ್ತದೆ, ಆದರೆ ನೈಟಿನಿಂದ ಫಸ್ಟಿಗೆ ಬರುವಾಗ ಉಳಿಯುವುದು ಭಾನುವಾರ ಬೆಳಿಗ್ಗೆ 6ರಿಂದ ಸೋಮವಾರ ಬೆಳಿಗ್ಗೆ 6ರವರೆಗಿನ 24 ಗಂಟೆ ಮಾತ್ರ. ಒಟ್ಟು ಕೂಡಿದರೆ ಎರಡೂ 120 ಗಂಟೆಯೇ. ಮಧ್ಯರಾತ್ರಿ ದಾಟುವ ಪಾಳಿಯವರಿಗೆ, ಪಾಳಿ ಮುಗಿದ ಕ್ಷಣದಿಂದ ಸತತ 24 ಗಂಟೆಯನ್ನೇ ರಜೆಯ ದಿನವೆಂದು ಕಾನೂನು ಎಣಿಸುವುದರಿಂದ ಅದರ ಲೆಕ್ಕವೂ ಸರಿಹೋಗುತ್ತದೆ. ನಿದ್ದೆಯ ಲೆಕ್ಕ ಸರಿಹೋಗುವುದಿಲ್ಲ. ಹಗಲೆಲ್ಲ ಮಲಗಿ ಎದ್ದವನು ಅದೇ ರಾತ್ರಿ ಮತ್ತೆ ಬೇಗ ಮಲಗಬೇಕಾಗುತ್ತದೆ.

ಆದ್ದರಿಂದ ದಿಕ್ಕು ಬದಲಿಸುವ ಕಾರ್ಖಾನೆ ಹೆಚ್ಚುವರಿ ಬಿಡುವನ್ನು ನೈಟ್ ವಾರದ ಕೊನೆಗೇ ಇಡಬೇಕು. ಶನಿವಾರ ರಾತ್ರಿಯ ಪಾಳಿಯನ್ನು ಕೈಬಿಡಲು ಸಾಧ್ಯವಾದರೆ ಶುಕ್ರವಾರದ ನೈಟ್ ಶನಿವಾರ ಬೆಳಿಗ್ಗೆ 6ಕ್ಕೆ ಮುಗಿದು, ಸೋಮವಾರದ ಫಸ್ಟ್ ಶಿಫ್ಟಿಗೆ 48 ಗಂಟೆ ಉಳಿಯುತ್ತದೆ. ಕುಲುಮೆ ಆರಿಸಲಾಗದ ಕಡೆ ಮೂರು ತಂಡಗಳಿಂದ ಇದು ಆಗದು, ನಾಲ್ಕನೆಯ ತಂಡ ಬೇಕೇ ಬೇಕು.